ಕುಮಟಾ ಅಂಗಡಿಯಲ್ಲಿ ಮೊದಲು ಇಟ್ಟು ನೋಡಿದ್ದು

ನಮ್ಮದು ಕಿರಾಣಿ ಅಂಗಡಿಗಳು. ಶಿರಸಿ, ಕುಮಟಾ, ಅಂಕೋಲಾ, ಕಾರವಾರ, ಹೀಗೆ ನಾಲ್ಕು ಕಡೆ ಇವೆ. ಬಾಳೆಕಾಯಿ ಚಿಪ್ಸ್, ಹಲಸಿನಕಾಯಿ ಚಿಪ್ಸ್, ತೆಳು ಸಿಹಿತಿಂಡಿಯಾದ ತೊಡದೇವುಗಳನ್ನು ನಮ್ಮದೇ ಹೆಸರಿನಲ್ಲಿ ಪ್ಯಾಕ್ ಮಾಡಿ ಮಾರುವ ಯೋಚನೆ ಬಂದಾಗ, ಮೊದಲು ಒಂದೇ ಅಂಗಡಿಯಲ್ಲಿ ಇಟ್ಟು ನೋಡೋಣ ಎಂದೆ. ಯಾವ ಅಂಗಡಿ ಎಂಬುದರಲ್ಲೇ ಮನೆಯಲ್ಲಿ ಚರ್ಚೆ ಶುರುವಾಯಿತು.

ತಮ್ಮ ಶಿರಸಿ ಎಂದ. ಅಲ್ಲಿ ವ್ಯಾಪಾರ ಜಾಸ್ತಿ, ನಾನೂ ದಿನವಿಡೀ ಅಲ್ಲೇ ಇರುತ್ತೇನೆ. ನನಗೆ ಬೇಡವಾಗಿದ್ದು ಅದೇ ಕಾರಣಕ್ಕೆ. ಮಾಲೀಕನೇ ಕೌಂಟರ್‌ನಲ್ಲಿ ನಿಂತು "ತಗೊಂಡು ನೋಡಿ" ಎಂದರೆ ದಾಕ್ಷಿಣ್ಯಕ್ಕಾದರೂ ಒಂದು ಪ್ಯಾಕೆಟ್ ಹೋಗುತ್ತದೆ. ಉಳಿದ ಮೂರೂ ಅಂಗಡಿ ಕರಾವಳಿಯವು, ಅಲ್ಲಿ ಮಾಮೂಲಿ ಹುಡುಗರೇ ಮಾರಬೇಕು. ಹಾಗಾಗಿ ಕುಮಟಾ ಆರಿಸಿದೆ. ಹೆಚ್ಚುಕಮ್ಮಿ ಅಷ್ಟೇ ವ್ಯಾಪಾರವಿರುವ ಅಂಕೋಲಾ ಅಂಗಡಿಯಲ್ಲಿ ಏನನ್ನೂ ಬದಲಿಸದೆ, ಹೋಲಿಸಿ ನೋಡಲು ಬಿಟ್ಟೆ. ಶುರು ಮಾಡಿದ್ದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಕರಿದ ತಿಂಡಿಗೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ, ಅಲ್ವಾ? ಅಲ್ಲಿ ಉಳಿದರೆ ಎಲ್ಲೂ ಉಳಿಯುತ್ತದೆ ಎಂಬ ಲೆಕ್ಕ. ಪ್ರಯೋಗ ಅಂತ ಲೇಬಲ್‌ಗೆ ವಿನಾಯಿತಿ ಇಲ್ಲ. ಎಫ್‌ಎಸ್‌ಎಸ್‌ಎಐ ನಂಬರ್, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನಾಂಕ ಎಲ್ಲವೂ ಮೊದಲ ಪ್ಯಾಕೆಟ್‌ನಿಂದಲೇ ಬೇಕು.

ಮೊದಲ ಪೆಟ್ಟು ಕೊಟ್ಟಿದ್ದು ತೇವವೇ. "ನಿನ್ನೆ ಒಯ್ದದ್ದು, ಒಡೆದು ನೋಡಿದ್ರೆ ಮೆತ್ತಗಾಗಿದೆ ನೋಡಿ" ಎಂದು ಪರಿಚಯದ ಅಕ್ಕೋರೊಬ್ಬರು ಪ್ಯಾಕೆಟ್ ವಾಪಸ್ ತಂದರು. ಸಾದಾ ಪ್ಲಾಸ್ಟಿಕ್ ಕವರ್ ಎಷ್ಟು ಸೀಲ್ ಮಾಡಿದರೂ ನಿಧಾನಕ್ಕೆ ತೇವ ಒಳಗೆ ಬಿಡುತ್ತದೆ. ಒಳಗೆ ಬೆಳ್ಳಿ ಬಣ್ಣದ ಪದರ ಇರುವ ದಪ್ಪ ಪೌಚ್‌ಗೆ ಬದಲಾಯಿಸಿದೆವು. ಅಂಗಡಿಯ ಅದೇ ಕಪಾಟಿನಲ್ಲಿ ಕೆಲವು ಪ್ಯಾಕೆಟ್ ಬೇರೆ ಇಟ್ಟು, ವಾರಕ್ಕೊಂದು ಒಡೆದು ತಿಂದು ನೋಡಿದೆವು. ಎಷ್ಟು ವಾರ ಗರಿಗರಿ ಇತ್ತೋ ಅದಕ್ಕಿಂತ ಕಡಿಮೆ ಅವಧಿಯನ್ನೇ ಲೇಬಲ್ ಮೇಲೆ ಹಾಕಿದೆವು. ಪೌಚ್‌ನಿಂದ ಪ್ಯಾಕೆಟ್‌ಗೆ ಮೂರು ರೂಪಾಯಿ ಖರ್ಚು ಏರಿತು. 60 ರೂಪಾಯಿಯ ಪ್ಯಾಕೆಟ್‌ನಲ್ಲಿ ನಮಗೆ ಉಳಿಯುವುದು 15 ಆಯಿತು.

ಇನ್ನು ಮಾರಾಟ. ಒಂದು ವಾರ ಚಿಪ್ಸ್ 120 ಪ್ಯಾಕೆಟ್ ಹೋಯಿತು, ಅಂದರೆ 1,800 ರೂಪಾಯಿ ಲಾಭ. ಕುಮಟಾದ ಹುಡುಗ "ಅಣ್ಣಾ, ಎಲ್ಲಾ ಕಡೆ ಇಡೋಣ" ಎಂದು ಫೋನ್ ಮಾಡಿದ. ಆದರೆ ಅದೇ ಕಪಾಟಿನಲ್ಲಿ ಬೇರೆಯವರ ಚಿಪ್ಸ್ ಕೂಡ ಇತ್ತು. ಅದು ವಾರಕ್ಕೆ 200 ಪ್ಯಾಕೆಟ್ ಹೋಗುತ್ತಿದ್ದದ್ದು 110ಕ್ಕೆ ಇಳಿದಿತ್ತು. ಈ 90 ಅನ್ನೂ ನಮ್ಮ ಹೊಸ ಮಾಲೇ ತಿಂದಿತು ಅನ್ನುವಂತಿಲ್ಲ. ಹೊಸದೇನೂ ಇಡದ ಅಂಕೋಲಾದಲ್ಲೂ ಅದೇ ಚಿಪ್ಸ್ ಮಳೆಗೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಹಾಗಾದರೆ ಕುಮಟಾದಲ್ಲೂ 180 ಹೋಗಬೇಕಿತ್ತು, ನಿಜವಾಗಿ ಕಳೆದುಕೊಂಡದ್ದು 70. ಅದರಲ್ಲಿ ಪ್ಯಾಕೆಟ್‌ಗೆ 12 ರೂಪಾಯಿ ಸಿಗುತ್ತಿತ್ತು, ಒಟ್ಟು 840. ಅಂದರೆ ಅಂಗಡಿಗೆ ಹೊಸದಾಗಿ ಸೇರಿದ್ದು 960 ಮಾತ್ರ. ಕೆಟ್ಟದ್ದೇನಲ್ಲ, ಆದರೆ 1,800 ನಂಬಿಕೊಂಡು ಪೌಚ್‌ಗೆ ದೊಡ್ಡ ಆರ್ಡರ್ ಕೊಡುವಂತಿಲ್ಲ.

ಮಾಲು ಖಾಲಿಯಾದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದ್ದೆ. ಆ ದಿನ ಮಾರಾಟ ಸೊನ್ನೆ ಎಂದರೆ ಗಿರಾಕಿ ಇಲ್ಲ ಎಂದಲ್ಲ, ಕೊಡಲು ಮಾಲಿಲ್ಲ ಎಂದು. ಸರಾಸರಿ ತೆಗೆಯುವಾಗ ಅವನ್ನು ಬಿಟ್ಟೆ. ಇನ್ನೊಂದು ಕೆಲಸ: ಮೊದಲು ಕೌಂಟರ್ ಪಕ್ಕ ಇಟ್ಟಿದ್ದನ್ನು ಆಮೇಲೆ ಮಾಮೂಲಿ ಕಪಾಟಿಗೆ ಸರಿಸಿದೆ. ಕಾರವಾರದ ಅಂಗಡಿಯಲ್ಲಿ ಕೌಂಟರ್ ಪಕ್ಕ ಜಾಗವೇ ಇಲ್ಲ. ಮೇಲೆ ಹೇಳಿದ 120 ಕಪಾಟಿಗೆ ಹೋದ ಮೇಲಿನ ಲೆಕ್ಕ. ಕೌಂಟರ್ ಪಕ್ಕ ಇದ್ದಾಗ ಸುಮ್ನೆ ಕುತೂಹಲಕ್ಕೆ ಕೊಂಡವರೇ ಹೆಚ್ಚು. ಎರಡನೇ ಸಲ ಯಾರು ಕೊಂಡರು ಎಂದು ಬಿಲ್‌ನ ಫೋನ್ ನಂಬರ್, ಉದ್ರಿ ಪುಸ್ತಕ ಎರಡರಲ್ಲೂ ನೋಡಿದೆ. ಬಾಳೆಕಾಯಿ ಚಿಪ್ಸ್‌ಗೆ ಅದೇ ಹೆಸರುಗಳು ಮತ್ತೆ ಮತ್ತೆ ಬಂದವು. ಹಲಸಿನದಕ್ಕೆ ತೀರಾ ಕಡಿಮೆ. ಈ ಕಡೆ ಬೇಸಿಗೆಯಲ್ಲಿ ಮನೆಯಲ್ಲೇ ಕರಿದು ಡಬ್ಬಿ ತುಂಬಿಟ್ಟುಕೊಳ್ಳುತ್ತಾರಲ್ಲ.

ತೊಡದೇವಿಗೆ ಈ ಅಳತೆ ಹೊಂದಲಿಲ್ಲ. ಮತ್ತೆ ಬಂದವರು ಕಡಿಮೆ, ಆದರೆ ಒಂದೊಂದು ಬಿಲ್‌ನಲ್ಲಿ ನಾಲ್ಕೈದು ಪ್ಯಾಕೆಟ್. ಕೇಳಿದರೆ ಬೆಂಗಳೂರಿನಲ್ಲಿರುವ ಮಗಳಿಗೆ ಕಳಿಸಲು, ಮುಂಬೈಗೆ ಹೊರಟವರ ಕೈಯಲ್ಲಿ ಕೊಡಲು ಎನ್ನುತ್ತಿದ್ದರು. ತೊಂದರೆ ಬೇರೆಯೇ. ಕಾಗದದಷ್ಟು ತೆಳು, ಘಟ್ಟ ಇಳಿದು ಬರುವಷ್ಟರಲ್ಲಿ ಅರ್ಧ ಪುಡಿ. ಗಟ್ಟಿ ರಟ್ಟಿನ ಡಬ್ಬಿಗೆ ಹಾಕಿದ ಮೇಲೆ ಪುಡಿಯಾಗುವುದು ಕಡಿಮೆಯಾಯಿತು, ಬೆಲೆ ಏರಿತು. ಉಡುಗೊರೆಗೆ ಕೊಳ್ಳುವವರು ಅದಕ್ಕೆ ಚೌಕಾಸಿ ಮಾಡಲಿಲ್ಲ.

ಬಾಳೆಕಾಯಿ ಚಿಪ್ಸ್ ಈಗ ಅಂಕೋಲಾ, ಕಾರವಾರಕ್ಕೂ ಹೋಗುತ್ತಿದೆ, ತೊಡದೇವು ಡಬ್ಬಿಯೂ ಹೋಗುತ್ತಿದೆ. ಹಲಸಿನದನ್ನು ಕೈಬಿಟ್ಟೆವು. ಶಿರಸಿಗೆ ಮಾತ್ರ ಕುಮಟಾದ ಲೆಕ್ಕ ಹಚ್ಚುವಂತಿಲ್ಲ. ಅಲ್ಲಿ ಇದನ್ನೆಲ್ಲ ಮನೆಯಲ್ಲೇ ಮಾಡಿ ಮಾರುವವರು ಬೀದಿಗೊಬ್ಬರಿದ್ದಾರೆ. ಅದಕ್ಕೆ ಬೇರೆಯಾಗಿ ಇಟ್ಟು ನೋಡಬೇಕು, ಅದೂ ನಾನು ಕೌಂಟರ್‌ನಲ್ಲಿ ಇಲ್ಲದಾಗ.