ಕಲರ್ ಹಚ್ಚೋ ಮುಂಚೆ ಒದ್ದೆ ಕೂದಲನ್ನ ಒಂದ್ಸಲ ಎಳೆದು ನೋಡಿ

ಕೂದಲು ಒಣಗಿದ್ದಾಗ ಎಷ್ಟೇ ಹಾಳಾಗಿದ್ರೂ ಗಟ್ಟಿಯಾಗೇ ಕಾಣತ್ತೆ, ಒದ್ದೆ ಮಾಡಿದ್ರೆ ಮಾತ್ರ ನಿಜ ಗೊತ್ತಾಗತ್ತೆ. ಯಾಕಂದ್ರೆ ಕೂದಲೊಳಗಿನ ಪ್ರೋಟೀನನ್ನ ಹಿಡಿದಿಟ್ಟಿರೋ ಹೈಡ್ರೋಜನ್ ಬಾಂಡ್‌ಗಳು ನೀರು ಬಿದ್ದ ತಕ್ಷಣ ಸಡಿಲ ಆಗ್ತವೆ, ಆಗ ಎಳೆತ ತಡೆಯೋದು ಹೆಚ್ಚಾಗಿ ಒಳಗಿನ ಡೈಸಲ್ಫೈಡ್ ಬಾಂಡ್‌ಗಳು, ಬ್ಲೀಚ್ ಕೆಡಿಸೋದೂ ಅವನ್ನೇ.

ಬರೀ ಶಾಂಪೂ ಹಾಕಿ ತಲೆ ತೊಳೀರಿ. ಎಣ್ಣೆ, ಕಂಡೀಷನರ್, ಸೀರಮ್ ಏನೂ ಬೇಡ, ಅದರ ಲೇಪ ಇದ್ರೆ ಕೂದಲು ಇರೋದಕ್ಕಿಂತ ಚೆನ್ನಾಗಿ ಅನ್ನಿಸತ್ತೆ. ಒಣಗಿದ ಮೇಲೆ ಕಿವಿ ಪಕ್ಕ, ನೆತ್ತಿ, ಕತ್ತಿನ ಹಿಂದೆ ಹೀಗೆ ಮೂರ್ನಾಲ್ಕು ಕಡೆಯಿಂದ ಒಂದೊಂದೇ ಎಳೆ ಬುಡದ ಹತ್ರ ಕತ್ತರಿಸಿ. ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ, ಒದ್ದೆ ಎಳೆಯನ್ನ ಬೆರಳಲ್ಲಿ ಹಿಡಿದು ಎಳೀತಾರೆ, ಅದು ಬೆರಳಿಂದ ಜಾರತ್ತೆ, ಇವರು ಹಿಗ್ಗಿತು ಅಂದ್ಕೋತಾರೆ. ಅದಕ್ಕೆ ಒಣಗಿರುವಾಗಲೇ 10 ಸೆಂಟಿಮೀಟರ್ ಬಿಟ್ಟು ಎರಡೂ ಕಡೆ ಸೆಲ್ಲೋಟೇಪ್ ಮಡಚಿ ಅಂಟಿಸಿ, ಆಮೇಲೆ ಮಧ್ಯದ ಭಾಗವನ್ನ ಐದು ನಿಮಿಷ ನೀರಲ್ಲಿ ನೆನೆಸಿ, ಸ್ಕೇಲ್ ಮೇಲಿಟ್ಟು ನಿಧಾನಕ್ಕೆ 13 ಸೆಂಟಿಮೀಟರ್ ತನಕ ಎಳೆದು ಬಿಡಿ. ಅದಕ್ಕಿಂತ ಜಾಸ್ತಿ ಎಳೀಬೇಡಿ, ಅಷ್ಟು ಎಳೆದ್ರೆ ಒಳ್ಳೇ ಕೂದಲಿಗೂ ಪೆಟ್ಟಾಗತ್ತೆ.

ವಾಪಸ್ 10ಕ್ಕೆ ಬಂತಾ, ಕಲರ್ ತಡ್ಕೊಳತ್ತೆ. ಹಿಗ್ಗದೇ ಪಟ್ ಅಂತ ತುಂಡಾಯ್ತಾ, ಕೂದಲು ಪೆಡಸಾಗಿದೆ, ಎರಡ್ಮೂರು ವಾರ ಕಂಡೀಷನಿಂಗ್ ಮಾಡಿ ಮತ್ತೆ ಟೆಸ್ಟ್ ಮಾಡಿ. ಚೂಯಿಂಗ್ ಗಮ್ ಥರ ಎಳೆದಷ್ಟೂ ಬಂದು ವಾಪಸ್ ಹೋಗದೇ ಜೋತು ಬಿದ್ರೆ ಮಾತ್ರ ಪೆರಾಕ್ಸೈಡ್ ಇರೋ ಯಾವ್ದನ್ನೂ ಹತ್ರ ತರಬೇಡಿ. ಪ್ರೋಟೀನ್ ಮಾಸ್ಕ್ ಹಾಕಿದ್ರೆ ಸ್ವಲ್ಪ ದಿನ ಗಟ್ಟಿ ಅನ್ನಿಸಬಹುದು, ಆದ್ರೆ ಹಾಳಾದ ಭಾಗ ಮೊದಲಿನ ಹಾಗೆ ಆಗಲ್ಲ.

ಒಂದೇ ಎಳೆಯಲ್ಲೂ ಎರಡು ಉತ್ತರ ಬರಬಹುದು. ಆರು ತಿಂಗಳ ಹಿಂದೆ ಬ್ಲೀಚ್ ಮಾಡಿಸಿದ್ದ ನನ್ನ ತಂಗಿ ಕೂದಲನ್ನ ನೋಡಿದಾಗ ಹಾಗೇ ಆಯ್ತು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯೋ ಲೆಕ್ಕದಲ್ಲಿ ಬುಡದ 6 ಸೆಂಟಿಮೀಟರ್ ಹೊಸದು, ಅಷ್ಟನ್ನೇ ಅಳೆದು 7.8ರ ತನಕ ಎಳೆದ್ರೆ ಸರಿಯಾಗಿ 6ಕ್ಕೇ ವಾಪಸ್ ಬಂತು, ತುದಿಯ 10 ಸೆಂಟಿಮೀಟರ್ ಮಾತ್ರ 13ರ ತನಕ ಹೋಗಿ 12ರಲ್ಲೇ ನಿಂತು, ಒಣಗಿದ ಮೇಲೆ ಸುರುಳಿ ಸುತ್ಕೊಂಡು ಬಿದ್ದಿತ್ತು. ಬುಡಕ್ಕೆ ಮಾತ್ರ ಕಲರ್ ಹಾಕಿದ್ವಿ, ಹಳೇ ಭಾಗಕ್ಕೆ ತಾಗದ ಹಾಗೆ ದಪ್ಪಗೆ ಕಂಡೀಷನರ್ ಮೆತ್ತಿದ್ವಿ, ತುದಿಯನ್ನ ಸ್ವಲ್ಪ ಸ್ವಲ್ಪನೇ ಕತ್ತರಿಸ್ತಾ ಬಂದ್ವಿ.

ಈ ಟೆಸ್ಟ್ ಹೇಳೋದು ಕೂದಲಿನ ಶಕ್ತಿ ಮಾತ್ರ, ಚರ್ಮಕ್ಕೆ ಅಲರ್ಜಿ ಆಗತ್ತಾ ಅನ್ನೋದನ್ನಲ್ಲ. ಅದಕ್ಕೆ 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್ ಬೇರೆಯಾಗೇ ಮಾಡ್ಬೇಕು.