ಹಿಜರಿ ವರ್ಷಕ್ಕೆ ಒಂದು ಗುಣಾಕಾರ, ಒಂದು ಕೂಡಿಕೆ, ಜೊತೆಗೆ ವಾರದ ಸಾಕ್ಷಿ: ನನ್ನ ಅನುಭವ

ಆದಿಲಶಾಹಿ ಕಾಲದ ಇನಾಂ ಕಾಗದಗಳ ತಾರೀಖುಗಳನ್ನು ಕ್ರಿಸ್ತಶಕಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂದು ಕೆಲವು ವರ್ಷಗಳಾದವು. ಸೂತ್ರ ಹಿಡಿದು ಲೆಕ್ಕ ಹಾಕುತ್ತೇನೆ ಎಂದಾಗ ಈ ಕ್ಷೇತ್ರದ ಹಿರಿಯರೊಬ್ಬರು, "ದಶಾಂಶದಿಂದ ಇತಿಹಾಸ ಬರೆಯಲು ಆಗುವುದಿಲ್ಲ, ಮುದ್ರಿತ ಕೋಷ್ಟಕ ಕೊಳ್ಳಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಕೋಷ್ಟಕ ಕೊಂಡೆ, ಹೆಚ್ಚುಕಡಿಮೆ ಎರಡು ಸಾವಿರ ರೂಪಾಯಿ ಕೊಟ್ಟೆ. ಅದರಲ್ಲಿ ಸಿಕ್ಕಿದ್ದು ವರ್ಷಾರಂಭದ ದಿನ ಮಾತ್ರ. ತಿಂಗಳು, ದಿನ, ವಾರಗಳನ್ನು ಬೆರಳೆಣಿಸಿಯೇ ಕೂಡಿಸಬೇಕಿತ್ತು. ಆಮೇಲೆ ಇನ್ನಷ್ಟು ದುಡ್ಡು ಸುರಿದು ಕೊಂಡ ಒಂದು ತಂತ್ರಾಂಶ 1582ರ ಹಿಂದಿನ ದಿನಾಂಕಗಳನ್ನೂ ಗ್ರೆಗೋರಿಯನ್ ಲೆಕ್ಕದಲ್ಲೇ ಕೊಡುತ್ತಿತ್ತು, ಹಾಗೆ ಕೊಡುತ್ತಿದ್ದೇನೆ ಎಂದು ಎಲ್ಲಿಯೂ ಹೇಳುತ್ತಿರಲಿಲ್ಲ. ವಿಜಯಪುರದ ಕಾಗದಗಳಿಗೆ ಇದು ಹತ್ತು ದಿನದ ಪೆಟ್ಟು.

ಈಗ ನನ್ನ ಬಳಿ ಉಳಿದಿರುವುದು ಹಳೆಯ ಸೂತ್ರವೇ. ಹಿಜರಿ ವರ್ಷವನ್ನು 0.970224ರಿಂದ ಗುಣಿಸಿ, 621.5774 ಕೂಡಿಸಬೇಕು. ಬಾಯಿಲೆಕ್ಕಕ್ಕಾದರೆ ವರ್ಷದಿಂದ ಅದರ 33ನೇ ಒಂದು ಭಾಗವನ್ನು ಕಳೆದು 622 ಕೂಡಿಸಿದರೆ ಸಾಕು. ಹಿಜರಿಗೆ ಇಂತಿಷ್ಟು ಎಂದು ನಿಶ್ಚಿತ ಅಂತರ ಕೂಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. 972ರಲ್ಲಿ ಅಂತರ 592, 1067ರಲ್ಲಿ 589, 1445ಕ್ಕೆ ಬರುವ ಹೊತ್ತಿಗೆ 578ಕ್ಕೆ ಇಳಿದಿದೆ.

ಸೂತ್ರದ ಬಲವನ್ನೂ ಮಿತಿಯನ್ನೂ ನೋಡಲು ರಕ್ಕಸತಂಗಡಿಯ ಯುದ್ಧಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ನಾಡಿನಲ್ಲಿ ಇಲ್ಲ. ತಾರೀಖು ಹಿಜರಿ 972, ಜಮಾದಿ-ಉಸ್-ಸಾನಿ 20. ಸೂತ್ರಕ್ಕೆ 972 ಹಾಕಿದರೆ 1564.635 ಬರುತ್ತದೆ. ಈ ದಶಾಂಶವನ್ನು ಎಸೆಯಬಾರದು, ವರ್ಷಾರಂಭವಾದ ಮುಹರಂ ಒಂದು ಯಾವ ದಿನ ಬಿದ್ದಿತು ಎನ್ನುವುದು ಅದರಲ್ಲೇ ಇದೆ. 1564 ಅಧಿಕ ವರ್ಷ, 0.635ನ್ನು 366ರಿಂದ ಗುಣಿಸಿದರೆ 232 ದಿನ ಕಳೆದಿವೆ ಎಂದಾಗುತ್ತದೆ, ಅಂದರೆ ಆಗಸ್ಟ್ 20. ಇದು ಗ್ರೆಗೋರಿಯನ್ ಲೆಕ್ಕ. ಆ ಕಾಲಕ್ಕೆ ಇತಿಹಾಸಕಾರರು ಬಳಸುವುದು ಜೂಲಿಯನ್ ಕ್ಯಾಲೆಂಡರ್, ಆದ್ದರಿಂದ ಹತ್ತು ದಿನ ಕಳೆದು ಆಗಸ್ಟ್ 10. ಮುಹರಂ ಒಂದರಿಂದ ಜಮಾದಿ-ಉಸ್-ಸಾನಿ 20ಕ್ಕೆ 167 ದಿನ: ಐದು ತಿಂಗಳಿಗೆ 148, ಮೇಲೆ 19. ಎಣಿಸಿದರೆ 1565ರ ಜನವರಿ 24, ಬುಧವಾರ.

ಪುಸ್ತಕಗಳಲ್ಲಿ ಇರುವುದು ಜನವರಿ 23, ಮಂಗಳವಾರ. ಸರಿಯಾಗಿ ಒಂದು ದಿನದ ವ್ಯತ್ಯಾಸ. ನನ್ನನ್ನು ಅನುಮಾನಿಸಿದವರು ಬೆರಳಿಟ್ಟು ತೋರಿಸುತ್ತಿದ್ದುದು ಇದನ್ನೇ.

ಈ ಒಂದು ದಿನ ಎಲ್ಲಿಂದ ಬಂತು ಎಂದು ಬೆನ್ನು ಹತ್ತಿದೆ. ಕೋಷ್ಟಕದ ಹಿಜರಿ ಲೆಕ್ಕದಲ್ಲಿ 30 ವರ್ಷಕ್ಕೆ 11 ಅಧಿಕ ದಿನ, ಒಟ್ಟು 10,631 ದಿನ. 972 ಎಂಬುದು 32 ಸುತ್ತು ಮುಗಿದ ಮೇಲಿನ ಹನ್ನೆರಡನೆಯ ವರ್ಷ. ಅದಕ್ಕೆ ಮೊದಲು ಆ ಸುತ್ತಿನಲ್ಲಿ 2, 5, 7, 10ನೇ ವರ್ಷಗಳಿಗೆ ನಾಲ್ಕು ಅಧಿಕ ದಿನಗಳು ಬಂದಿವೆ. ಸರಾಸರಿಯಂತೆ ಬರಬೇಕಾದ್ದೂ ನಾಲ್ಕಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಅಲ್ಲಿಗೆ ಈ ವರ್ಷದಲ್ಲಿ ಹಿಜರಿ ಕಡೆಯ ದೋಷ ಏನೂ ಇಲ್ಲ. ಜಾರಿದ್ದು ಯುರೋಪಿನ ಕಡೆಯಲ್ಲಿ. ಸೂತ್ರ ಪ್ರತಿ ವರ್ಷಕ್ಕೂ 365.2425 ದಿನ ಎಂದು ಸಮನಾಗಿ ಹಂಚುತ್ತದೆ. ನಿಜವಾದ ಕ್ಯಾಲೆಂಡರ್ ಮೂರು ವರ್ಷ ಕಾಲು ದಿನಗಳನ್ನು ಬಾಕಿ ಇಟ್ಟುಕೊಂಡು ನಾಲ್ಕನೆಯ ವರ್ಷ ಒಟ್ಟಿಗೆ ತೀರಿಸುತ್ತದೆ. 1564ರ ಜನವರಿಯಲ್ಲಿ ಆ ಬಾಕಿ ತುಂಬಿ ನಿಂತಿತ್ತು. ಬೇರೆ ವರ್ಷಗಳಲ್ಲಿ ಎರಡು ಕಡೆಯ ಜಾರಿಕೆಯೂ ಸೇರಿ ಎರಡು ದಿನ ಆಗುವುದುಂಟು. ಗೋಲಗುಮ್ಮಟದ ಬಾಗಿಲ ಮೇಲಿನ 1067ನ್ನು ಹಾಕಿ ನೋಡಿ: ಸೂತ್ರ ಮುಹರಂ ಒಂದನ್ನು 1656ರ ಅಕ್ಟೋಬರ್ 22 ಎನ್ನುತ್ತದೆ, ಕೋಷ್ಟಕ 20 ಎನ್ನುತ್ತದೆ.

ಹಾಗಾಗಿ ದಿನ ಬೇಕಾದಾಗ ಸೂತ್ರವನ್ನು ಅಲ್ಲಿಗೇ ನಿಲ್ಲಿಸಿ, ಪೂರ್ಣಾಂಕದ ಲೆಕ್ಕಕ್ಕೆ ಹೋಗುತ್ತೇನೆ. ಹಾಳೆಯಲ್ಲಿ A2 ವರ್ಷ, B2 ತಿಂಗಳು, C2 ದಿನ:

```
=INT((11*A2+3)/30)+354*A2+30*B2-INT((B2-1)/2)+C2+1948055
```

972, 6, 20 ಹಾಕಿದರೆ 2292697 ಬರುತ್ತದೆ. ಇದು ಜೂಲಿಯನ್ ದಿನಸಂಖ್ಯೆ, ಅಂದರೆ ದಿನಗಳನ್ನು ಒಂದೇ ಸಮನೆ ಎಣಿಸಿಕೊಂಡು ಬಂದ ಕ್ರಮಸಂಖ್ಯೆ. ಏಳರಿಂದ ಭಾಗಿಸಿದರೆ ಶೇಷ 1. ಶೇಷ ಸೊನ್ನೆ ಸೋಮವಾರ, ಆದ್ದರಿಂದ ಇದು ಮಂಗಳವಾರ. ಜನವರಿ 23ಕ್ಕೇ ಬಂದು ನಿಂತಿತು. ಹಿರಿಯರಿಗೆ ಈ ಸಾಲನ್ನು ತೋರಿಸಿದಾಗ ಅವರು ತಮ್ಮ ಕೋಷ್ಟಕ ತೆಗೆದು ಅರ್ಧ ಮಧ್ಯಾಹ್ನ ತಾಳೆ ನೋಡಿದರು. ಈಗ ತಮ್ಮ ಕಾಗದಗಳನ್ನು ನನಗೇ ಕಳುಹಿಸುತ್ತಾರೆ.

ಇಷ್ಟಾದರೂ ಒಂದು ದಿನದ ಅನುಮಾನ ಪೂರ್ತಿ ತೀರುವುದಿಲ್ಲ, ತೀರಲೂ ಬಾರದು. ಮೊದಲ ಕಾರಣ ಆರಂಭದ ದಿನ. ಮೇಲಿನ ಸಾಲು ಹಿಜರಿ ಶಕವನ್ನು 622ರ ಜುಲೈ 16, ಶುಕ್ರವಾರದಿಂದ ಎಣಿಸುತ್ತದೆ. ಖಗೋಳ ಗ್ರಂಥಗಳ ಪದ್ಧತಿ ಗುರುವಾರ, ಜುಲೈ 15ರಿಂದ. ಹಾಗೆ ಎಣಿಸಿದವರಿಗೆ ಎಲ್ಲ ತಾರೀಖುಗಳೂ ಒಂದು ದಿನ ಹಿಂದೆ. ಎರಡನೆಯದು, ಹಿಜರಿ ದಿನ ಸೂರ್ಯಾಸ್ತಕ್ಕೆ ಶುರುವಾಗುತ್ತದೆ. ಮಂಗಳವಾರ ರಾತ್ರಿ ಬರೆಸಿದ ಸನದಿಗೆ ಬುಧವಾರದ ತಾರೀಖು ಬೀಳುತ್ತದೆ. ಮೂರನೆಯದೇ ದೊಡ್ಡದು: ತಿಂಗಳು ಹುಟ್ಟುವುದು ಕೋಷ್ಟಕದಿಂದಲ್ಲ, ಚಂದ್ರದರ್ಶನದಿಂದ. 2024ರ ಈದುಲ್ ಫಿತ್ರ್ ನೆನಪಿಸಿಕೊಳ್ಳಿ. ಮಂಗಳೂರಿನಲ್ಲಿ ಕೇರಳದ ಜೊತೆಗೆ ಏಪ್ರಿಲ್ 10ರಂದು, ಬೆಂಗಳೂರಿನಲ್ಲಿ 11ರಂದು. ಲೆಕ್ಕದ ಸಾಲು ಕೊಡುವುದು 10. ಒಂದೇ ರಾಜ್ಯದಲ್ಲಿ, ಒಂದೇ ವರ್ಷದಲ್ಲಿ ಶವ್ವಾಲ್ ಒಂದು ಎರಡು ದಿನಗಳಲ್ಲಿ ಬಿದ್ದಿರುವಾಗ, ಮಳೆಗಾಲದ ಮೋಡದ ಕೆಳಗೆ ಕುಳಿತು ಬರೆದ ಕಾರಕೂನನ ತಾರೀಖು ಕೋಷ್ಟಕಕ್ಕೆ ಕೂಡಿಯೇ ಬರಬೇಕು ಎಂದು ಹಟ ಹಿಡಿಯಲಾಗದು.

ಇದಕ್ಕೆ ಮದ್ದು ವಾರ. ಕಾಗದದಲ್ಲಿ ವಾರ ಬರೆದಿದ್ದರೆ ಅದನ್ನೇ ನಂಬಿ, ಲೆಕ್ಕವನ್ನು ಒಂದು ದಿನ ಹಿಂದೆಯೋ ಮುಂದೆಯೋ ಸರಿಸುತ್ತೇನೆ. ಚಂದ್ರನ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು ಸರಿಸುವುದಿಲ್ಲ. ರಕ್ಕಸತಂಗಡಿಗೆ ಇತಿಹಾಸಕಾರ ಫಿರಿಷ್ತಾ ಕೊಡುವ ವಾರ ಶುಕ್ರವಾರ. ಅದು ಜನವರಿ 26, ಮೂರು ದಿನ ಆಚೆ. ಮೂರು ದಿನ ಚಂದ್ರ ತಡಮಾಡುವುದಿಲ್ಲ. ಅಲ್ಲಿ ವಾರವೋ ತಾರೀಖೋ ಒಂದು ತಪ್ಪಿದೆ ಎಂದೇ ಹೇಳಬೇಕು. ನಾನು ತಾರೀಖನ್ನು ಉಳಿಸಿಕೊಂಡು 23 ಎನ್ನುತ್ತೇನೆ.

ನಡುವೆ ಗ್ರಹಣಗಳ ದಾರಿಯನ್ನೂ ಹಿಡಿದಿದ್ದೆ. ಸೂರ್ಯಗ್ರಹಣ ಅಮಾವಾಸ್ಯೆಗೇ ಆಗುವುದರಿಂದ ಅದು ಹಿಜರಿ ತಿಂಗಳ ಕೊನೆಯ ಒಂದೆರಡು ದಿನಗಳಿಗೆ ಸಿಕ್ಕಿಬೀಳುತ್ತದೆ. 2024ರ ಏಪ್ರಿಲ್ 8ರ ಗ್ರಹಣ ಸೌದಿಯಲ್ಲಿ ರಂಜಾನ್ 29, ನಮ್ಮಲ್ಲಿ 28. ಕಾಗದದಲ್ಲಿ ಗ್ರಹಣದ ಮಾತಿದ್ದರೆ ಇದು ಬಂಗಾರ, ಆದರೆ ಸಿಗುವುದು ಅಪರೂಪ.

ಇಂಥ ಕಾಗದಗಳಲ್ಲಿ ಬರುವ ಇನ್ನೊಂದು ಕಾಲಗಣನೆಯಾದ ಶುಹೂರ್ ಸನ್‌ಗೆ ಮಾತ್ರ ಈ ಸೂತ್ರ ಮುಟ್ಟಿಸಬೇಡಿ. ಅದು ಸೌರ ವರ್ಷ, ಮೃಗಶಿರಕ್ಕೆ ಶುರುವಾಗುತ್ತದೆ, 599 ಅಥವಾ 600 ಕೂಡಿಸಿದರೆ ಮುಗಿಯಿತು. ಅಂಕಿಗಳನ್ನು ಅರಬ್ಬಿ ಪದಗಳಲ್ಲಿ ಬರೆದಿದ್ದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಸನ್ ಯಾವುದೆಂದು ಹೆಸರಿಸದ ಕಾಗದದಲ್ಲಿ ಅದು ಈ ಎರಡರಲ್ಲಿ ಯಾವುದೆಂದು ಗುರುತಿಸಲು ನನ್ನದೇ ಒಂದು ಉಪಾಯವಿದೆ. ಇನ್ನಷ್ಟು ಕಾಗದಗಳ ಮೇಲೆ ಪರೀಕ್ಷಿಸುವವರೆಗೆ ಅದನ್ನು ಬರೆಯುವುದಿಲ್ಲ.

ವರ್ಷ ಮಾತ್ರ ಇದ್ದಲ್ಲಿ 972ಕ್ಕೆ 1564–65 ಎಂದು ಜೋಡಿಯಾಗಿಯೇ ಬರೆಯುತ್ತೇನೆ. ದಿನವಿದ್ದು ವಾರವಿಲ್ಲದಿದ್ದರೆ ಲೆಕ್ಕದ ದಿನ ಬರೆದು ಪಕ್ಕದಲ್ಲಿ "±1" ಹಾಕುತ್ತೇನೆ. ಆ ಗುರುತು ತೆಗೆಯಿರಿ ಎಂದು ಪ್ರಕಾಶಕರು ಕೇಳಿದರೂ ತೆಗೆದಿಲ್ಲ.