ಹಿಂದೆ ಬಿದ್ದವನನ್ನು ಕ್ಯಾಮೆರಾವೇ ಕೊಲ್ಲುತ್ತಿತ್ತು

ನನ್ನ ಇಬ್ಬರಾಟದ ಪ್ಲಾಟ್‌ಫಾರ್ಮರ್ ಗೇಮ್‌ನಲ್ಲಿ ಒಂದೇ ಕ್ಯಾಮೆರಾ. ಅದು ಮುಂದೆ ಓಡುವವನ ಬೆನ್ನು ಹತ್ತುತ್ತಿತ್ತು. ಹಿಂದುಳಿದವನು ಪರದೆಯ ಅಂಚಿನಾಚೆ ಹೋದ ಕೂಡಲೇ ಸಾಯುತ್ತಿದ್ದ. ಹೊಸಬರು ಬೇಸತ್ತು ಕಂಟ್ರೋಲರ್ ಕೆಳಗಿಡುತ್ತಿದ್ದರು.

ಇಬ್ಬರ ನಡುಬಿಂದುವಿಗೆ ಕ್ಯಾಮೆರಾ ಕಟ್ಟಿ, ದೂರ ಹೆಚ್ಚಿದಂತೆ ಝೂಮ್ ಔಟ್ ಮಾಡಿದೆ. ಪಾತ್ರಗಳು ಇರುವೆಯಷ್ಟಾದವು. ಝೂಮ್‌ಗೆ ಮಿತಿ ಹಾಕಿದೆ. ಆಗ ಮುಂದಿನವನು ಅಂಚಿಗೆ ಸರಿದು, ಎದುರಿನ ಗುಂಡಿಯೇ ಅವನಿಗೆ ಕಾಣದಾಯಿತು.

ಈಗ ಮಿತಿ ಮುಟ್ಟಿದ ಮೇಲೆ ಕ್ಯಾಮೆರಾ ಮುಂದಿನವನ ಕಡೆ ವಾಲುತ್ತದೆ. ಹಿಂದಿನವನು 1.5 ಸೆಕೆಂಡ್ ಪರದೆಯಾಚೆ ಉಳಿದರೆ ಗುಳ್ಳೆಯಾಗಿ ತೇಲಿ ಬರುತ್ತಾನೆ. ಬಟನ್ ಒತ್ತಿದರೆ, ಜೊತೆಗಾರ ಕೊನೆಯ ಸಲ ಗಟ್ಟಿ ನೆಲದ ಮೇಲೆ ನಿಂತಿದ್ದ ಜಾಗದಲ್ಲಿ ಇಳಿಯುತ್ತಾನೆ. ಮೊದಲು ಜೊತೆಗಾರ ಇದ್ದಲ್ಲೇ ಇಳಿಸುತ್ತಿದ್ದೆ; ಅವನು ಜಿಗಿತದ ನಡುವೆ ಇದ್ದರೆ ಬಂದವನು ನೇರ ಗುಂಡಿಗೆ!